ಮಧ್ಯರಾತ್ರಿ ಹೋಟೆಲ್ ಕೋಣೆಯ ಫೋನ್ ರಿಂಗಾದರೆ

ಬೀದರ್, ಭಾಲ್ಕಿ, ಔರಾದ್ ಕಡೆಯ ನಮ್ಮ ಕುಟುಂಬಗಳು ಹೋಟೆಲಿನಲ್ಲಿ ತಂಗುವ ಪ್ರಸಂಗಗಳು ಬಹಳವೇನಿಲ್ಲ. ಹೈದರಾಬಾದಿನ ದವಾಖಾನೆ, ಮಕ್ಕಳ ಪ್ರವೇಶಕ್ಕಾಗಿ ಬೆಂಗಳೂರು, ಉಮ್ರಾ ಪ್ರಯಾಣ, ಇಲ್ಲವೇ ಗಲ್ಫ್‌ನಲ್ಲಿ ದುಡಿಯುವ ಮನೆಯವರನ್ನು ಕಾಣಲು ಹೊರಟ ದಾರಿ. ಚಿಕ್ಕ ಲಾಡ್ಜ್‌ಗಳಲ್ಲಿ ನಗದು ಕೊಟ್ಟರೆ ಮುಗಿಯಿತು. ದೊಡ್ಡ ಹೋಟೆಲುಗಳಲ್ಲಿ ಹಾಗಲ್ಲ. ಅಲ್ಲಿ ಕಾರ್ಡ್ ಕೇಳುತ್ತಾರೆ, ಪ್ರತಿ ಕೋಣೆಯಲ್ಲೂ ಒಂದು ಫೋನ್ ಇರುತ್ತದೆ. ಈ ಲೇಖನ ಆ ಫೋನಿಗೆ ಬರುವ ಒಂದು ಕರೆಯ ಕುರಿತು.

ಹೀಗೆ ಊಹಿಸಿಕೊಳ್ಳಿ. ಭಾಲ್ಕಿಯ ಒಬ್ಬ ಸಹೋದರಿ ಅಮ್ಮಿಯ ಚಿಕಿತ್ಸೆಗಾಗಿ ಹೈದರಾಬಾದಿಗೆ ಬಂದು ಹೋಟೆಲಿನ 305ನೇ ಕೋಣೆಯಲ್ಲಿದ್ದಾರೆ. ರಾತ್ರಿ ಹನ್ನೆರಡೂವರೆಗೆ ಫೋನ್ ರಿಂಗಾಗುತ್ತದೆ. "ಮೇಡಂ, ರಿಸೆಪ್ಷನ್‌ನಿಂದ ಮಾತಾಡುತ್ತಿದ್ದೇನೆ. ತೊಂದರೆಗೆ ಕ್ಷಮಿಸಿ. ನಮ್ಮ ಕಂಪ್ಯೂಟರ್ ಕೆಟ್ಟು ನಿಮ್ಮ ಕಾರ್ಡಿನ ವಿವರ ಅಳಿಸಿಹೋಗಿದೆ. ಈಗಲೇ ತುಂಬದಿದ್ದರೆ ಬುಕಿಂಗ್ ರದ್ದಾಗುತ್ತದೆ. ನೀವು ಕೆಳಗೆ ಬರುವುದೇನೂ ಬೇಡ, ನಂಬರ್ ಓದಿ ಹೇಳಿದರೆ ಸಾಕು." ಧ್ವನಿ ಮೃದುವಾಗಿದೆ, ಮಾತಿನಲ್ಲಿ ಗೌರವವಿದೆ. ತೊಂದರೆ ಕೊಟ್ಟಿದ್ದಕ್ಕೆ ಬಿಲ್ಲಿನಲ್ಲಿ ಸ್ವಲ್ಪ ರಿಯಾಯಿತಿ ಕೊಡುತ್ತೇವೆ ಎಂಬ ಮಾತೂ ಬರಬಹುದು.

ಕರೆ ಬಂದದ್ದು ಕೋಣೆಯ ಫೋನಿಗೆ, ಆದ್ದರಿಂದ ಇದು ಹೋಟೆಲಿನವರದೇ ಎಂದು ಯಾರಿಗಾದರೂ ಅನಿಸುತ್ತದೆ. ಮೋಸದ ಗುಟ್ಟು ಇರುವುದೇ ಇಲ್ಲಿ. ವಂಚಕ ಹೊರಗಿನಿಂದ, ಎಲ್ಲರಿಗೂ ಗೊತ್ತಿರುವ ಹೋಟೆಲಿನ ನಂಬರಿಗೆ ಕರೆ ಮಾಡಿ, "305ಕ್ಕೆ ಕೊಡಿ" ಎನ್ನುತ್ತಾನೆ. ಅತಿಥಿಯ ಹೆಸರು ಕೇಳದೆ ಸಂಪರ್ಕ ಕೊಡುವ ಆಪರೇಟರ್ ಸಿಕ್ಕರೆ ಅವನ ಕೆಲಸ ಸುಲಭ. ಕೋಣೆಯಲ್ಲಿ ಯಾರಿದ್ದಾರೆಂದು ಅವನಿಗೆ ತಿಳಿದಿರಬೇಕಾಗಿಲ್ಲ. ಒಬ್ಬರು ಫೋನ್ ಇಟ್ಟರೆ ಇನ್ನೊಂದು ಕೋಣೆಯ ಸಂಖ್ಯೆ ಹೇಳುತ್ತಾನೆ. ರಾತ್ರಿಯನ್ನು ಆರಿಸಿಕೊಳ್ಳುವುದಕ್ಕೂ ಕಾರಣವಿದೆ. ನಿದ್ದೆಗಣ್ಣಿನವರು ವಿಚಾರ ಮಾಡುವುದಿಲ್ಲ. ಆ ಹೊತ್ತಿನಲ್ಲಿ ಮೆಟ್ಟಿಲಿಳಿದು ಕೌಂಟರಿಗೆ ಹೋಗಲು, ಅದರಲ್ಲೂ ಹೆಣ್ಣುಮಕ್ಕಳು, ಹಿಂಜರಿಯುತ್ತಾರೆ.

ಕರೆ ಮಾಡಿದವನು ನಿಮ್ಮ ಹೆಸರು, ನೀವು ಬಂದ ದಿನ, ಹೊರಡುವ ದಿನ ಎಲ್ಲವನ್ನೂ ಸರಿಯಾಗಿ ಹೇಳಿದರೆ? ಅದನ್ನೂ ಪುರಾವೆ ಎಂದು ತಿಳಿಯಬೇಡಿ. ಗಲ್ಫ್‌ನಲ್ಲೇ ನಡೆದ ಒಂದು ಪ್ರಕರಣ ನೋಡಿ. 2018ರ ಡಿಸೆಂಬರ್‌ನಲ್ಲಿ ವಂಚಕರು ಸಂಯುಕ್ತ ಅರಬ್ ಸಂಸ್ಥಾನದ 40 ಹೋಟೆಲುಗಳ ಸಿಬ್ಬಂದಿಗೆ ಫೋನ್ ಮಾಡಿ, ಮಾತಿನಲ್ಲೇ ಮರುಳು ಮಾಡಿ, ಬುಕಿಂಗ್ ಡಾಟ್ ಕಾಮ್ ಎಂಬ ಕೋಣೆ ಕಾಯ್ದಿರಿಸುವ ಜಾಲತಾಣದ ಪಾಸ್‌ವರ್ಡ್‌ಗಳನ್ನು ಪಡೆದರು. ಅದರಿಂದ 4,109 ಅತಿಥಿಗಳ ಹೆಸರು, ವಿಳಾಸ, ಫೋನ್ ನಂಬರ್, ಬುಕಿಂಗ್ ವಿವರಗಳು ಅವರ ಕೈಸೇರಿದವು. 283 ಜನರ ಕಾರ್ಡ್ ವಿವರವೂ ಸಿಕ್ಕಿತು, ಅವರಲ್ಲಿ 97 ಜನರ ಕಾರ್ಡಿನ ಗುಪ್ತ ಅಂಕಿಯೂ ಇತ್ತು. ಉಳಿದವರ ಕಾರ್ಡ್ ವಿವರಕ್ಕಾಗಿ ತಾವು ಆ ಕಂಪೆನಿಯ ಸಿಬ್ಬಂದಿ ಎಂದು ಹೇಳಿಕೊಂಡು ಫೋನ್ ಮತ್ತು ಇಮೇಲ್ ಮೂಲಕ ಪ್ರಯತ್ನಿಸಿದರು. ವಿಷಯ ತಿಳಿದ 72 ಗಂಟೆಯೊಳಗೆ ವರದಿ ಮಾಡಬೇಕಿದ್ದ ಕಂಪೆನಿ 22 ದಿನ ತಡ ಮಾಡಿತೆಂದು ನೆದರ್‌ಲ್ಯಾಂಡ್ಸ್‌ನ ಮಾಹಿತಿ ರಕ್ಷಣಾ ಪ್ರಾಧಿಕಾರ 4,75,000 ಯೂರೋ ದಂಡ ಹಾಕಿದ್ದು 2021ರಲ್ಲಿ ಬಹಿರಂಗವಾಯಿತು. ಅಂದರೆ ನಿಮ್ಮ ಬುಕಿಂಗ್ ವಿವರ ನಿಮ್ಮ ಬಾಯಿಂದಲೇ ಸೋರಬೇಕೆಂದಿಲ್ಲ. ಹೋಟೆಲಿನ ಕಂಪ್ಯೂಟರಿನಿಂದಲೂ ಸೋರಬಹುದು.

ಈಗ ಅವನು ಏನು ಕೇಳುತ್ತಾನೆ, ಅದರಿಂದ ಏನು ಮಾಡಬಲ್ಲ ಎಂಬುದನ್ನು ತಿಳಿಯೋಣ. ಕಾರ್ಡಿನ ಮೇಲಿನ ಉದ್ದ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಸಿವಿವಿ ಎಂಬ ಮೂರಂಕಿ. ಮೊದಲಿನ ಕೆಲವು ಅಂಕಿಗಳನ್ನು ಅವನೇ ಹೇಳಿ ನಂಬಿಕೆ ಗಳಿಸಬಹುದು. ಆ ಅಂಕಿಗಳು ಬ್ಯಾಂಕನ್ನು ಸೂಚಿಸುವಂಥವು, ಒಂದೇ ಬಗೆಯ ಎಷ್ಟೋ ಕಾರ್ಡುಗಳಲ್ಲಿ ಒಂದೇ ಆಗಿರುತ್ತವೆ. ಮೂರಂಕಿ ಇರುವುದು ಕಾರ್ಡ್ ಎದುರಿಗಿಲ್ಲದೆ ಆನ್‌ಲೈನ್‌ನಲ್ಲಿ ಹಣ ಪಾವತಿ ಮಾಡುವುದಕ್ಕೆ. ಕೌಂಟರಿನ ಯಂತ್ರಕ್ಕೆ ಬೇಕಾಗುವುದು ಕಾರ್ಡ್ ಮತ್ತು ನೀವೇ ಒತ್ತುವ ಪಿನ್. ನಿಜವಾಗಿಯೂ ಪಾವತಿ ಆಗಿಲ್ಲವೆಂದರೆ ಬೆಳಿಗ್ಗೆ ಅದೇ ಯಂತ್ರದಲ್ಲಿ ಕಾರ್ಡ್ ಹಾಕಿದರಾಯಿತು.

"ಒಟಿಪಿ ಇಲ್ಲದೆ ಹಣ ಹೋಗುವುದಿಲ್ಲವಲ್ಲ?" ಎಂದು ನೀವು ಕೇಳಬಹುದು. ನಮ್ಮ ದೇಶದೊಳಗಿನ ಆನ್‌ಲೈನ್ ಕಾರ್ಡ್ ಪಾವತಿಗೆ ಕಾರ್ಡಿನ ಮೇಲೆ ಕಾಣದ ಇನ್ನೊಂದು ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದಲೇ ನಿಯಮ ಮಾಡಿದೆ. ಆದ್ದರಿಂದಲೇ ವಂಚಕ ಫೋನ್ ಇಡುವುದಿಲ್ಲ. "ಈಗ ನಿಮ್ಮ ಮೊಬೈಲಿಗೆ ಒಂದು ನಂಬರ್ ಬರುತ್ತದೆ, ಅದು ಬುಕಿಂಗ್ ಖಾತ್ರಿಯ ನಂಬರ್, ಓದಿ ಹೇಳಿ" ಎನ್ನುತ್ತಾನೆ. ಆ ಸಂದೇಶವನ್ನು ಪೂರ್ತಿ ಓದಿ. ಸಾಮಾನ್ಯವಾಗಿ ಎಷ್ಟು ಹಣ, ಯಾರಿಗೆ ಎಂದು ಅದರಲ್ಲೇ ಬರೆದಿರುತ್ತದೆ. ಇನ್ನೊಂದು ಅಪಾಯವೆಂದರೆ, ವಿದೇಶಿ ಜಾಲತಾಣಗಳಲ್ಲಿ ಒಟಿಪಿ ಇಲ್ಲದೆಯೂ ಹಣ ಕಡಿತವಾಗುವುದುಂಟು. 2020ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಕಾರ್ಡ್ ಕೊಡುವಾಗ ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಮುಚ್ಚಿಯೇ ಕೊಡಬೇಕು. ನಾವು ಹೇಳಿದರೆ ಮಾತ್ರ ತೆರೆಯಬೇಕು. ಹಿಂದೆ ಯಾವಾಗಲೋ ವಿದೇಶಿ ಬಳಕೆಯನ್ನು ತೆರೆದಿಟ್ಟಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿ ಮುಚ್ಚಿಡಿ.

ಅಂಥ ಕರೆ ಬಂದಾಗ ವಾದಕ್ಕಿಳಿಯುವುದು ಬೇಡ. "ಬೆಳಿಗ್ಗೆ ಕೌಂಟರಿಗೆ ಬಂದು ಕಾರ್ಡ್ ಕೊಡುತ್ತೇನೆ" ಎಂದು ಹೇಳಿ. ನಿಜವಾದ ರಿಸೆಪ್ಷನಿಸ್ಟ್ ಆಗಿದ್ದರೆ "ಆಗಲಿ" ಎನ್ನುತ್ತಾನೆ, ಏಕೆಂದರೆ ನೀವು ಅವನದೇ ಕಟ್ಟಡದಲ್ಲಿದ್ದೀರಿ. ವಂಚಕನಿಗೆ ಬೆಳಗಾಗುವುದು ಬೇಡ, ನೀವು ಕೌಂಟರಿಗೆ ಬರುವುದೂ ಬೇಡ. ಅವನು ಅವಸರ ಮಾಡುತ್ತಾನೆ, ಹೆದರಿಸುತ್ತಾನೆ. ಫೋನ್ ಇಟ್ಟುಬಿಡಿ. ಮನಸ್ಸಿಗೆ ಸಮಾಧಾನವಾಗದಿದ್ದರೆ ಹೋಟೆಲಿನ ರಸೀದಿಯಲ್ಲಿರುವ ನಂಬರಿಗೆ ನಿಮ್ಮ ಮೊಬೈಲಿನಿಂದ ನೀವೇ ಕರೆ ಮಾಡಿ ಕೇಳಿ. ಕರೆ ಮಾಡಿದವನೇ ಕೊಟ್ಟ ನಂಬರಿಗೆ ಮಾಡಬೇಡಿ. "ನಮ್ಮ ಹುಡುಗನನ್ನು ಕಳಿಸುತ್ತೇನೆ, ಕಾರ್ಡ್ ಕೊಡಿ" ಎಂದರೆ ರಾತ್ರಿ ಬಾಗಿಲು ತೆರೆಯಬೇಡಿ.

ಯಾರಾದರೂ ಈಗಾಗಲೇ ವಿವರ ಓದಿ ಹೇಳಿಬಿಟ್ಟಿದ್ದರೆ? ಆಗ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಮೊದಲು ಕಾರ್ಡಿನ ಹಿಂಬದಿಯಲ್ಲಿರುವ ಬ್ಯಾಂಕಿನ ನಂಬರಿಗೆ ಕರೆ ಮಾಡಿ ಕಾರ್ಡನ್ನು ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಈ ಗಡಿಯನ್ನು ಸ್ಪಷ್ಟವಾಗಿ ಎಳೆದಿತ್ತು: ಗ್ರಾಹಕರೇ ಗುಟ್ಟಿನ ವಿವರ ಹೇಳಿ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದು, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. "ಬೆಳಿಗ್ಗೆ ಮನೆಯವರಿಗೆ ಹೇಳೋಣ" ಎಂದು ಕಾದರೆ ಆ ರಾತ್ರಿ ಹೋದದ್ದೆಲ್ಲ ನಿಮ್ಮ ಲೆಕ್ಕಕ್ಕೆ.

ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ತಾಣದಲ್ಲಿ ದೂರು ದಾಖಲಿಸಿ. ಹಣ ವಂಚಕನ ಕೈಸೇರುವ ಮೊದಲೇ ನಡುವಿನ ಖಾತೆಯಲ್ಲಿ ತಡೆಹಿಡಿಯಲು ಆಗ ಅವಕಾಶ ಸಿಗುತ್ತದೆ. ಘಟನೆ ಹೈದರಾಬಾದಿನಲ್ಲಿ ನಡೆದಿದ್ದರೂ ದೂರು ಕೊಡಲು ಅಲ್ಲಿಯೇ ಉಳಿಯಬೇಕಾಗಿಲ್ಲ. ಊರಿಗೆ ಬಂದ ಮೇಲೆ ಬೀದರಿನ ಸೈಬರ್ ಅಪರಾಧ ಠಾಣೆಯಲ್ಲಿ ಮುಂದುವರಿಸಬಹುದು. ಆ ಕರೆಯ ಸಮಯ, ಕೋಣೆಯ ಸಂಖ್ಯೆ, ಬಂದ ಸಂದೇಶಗಳು ಅಳಿಸಿಹೋಗದಂತೆ ನೋಡಿಕೊಳ್ಳಿ. ಹೋಟೆಲಿನ ಮ್ಯಾನೇಜರಿಗೂ ತಿಳಿಸಿ. ಅದೇ ರಾತ್ರಿ 306ರ ಫೋನೂ ರಿಂಗಾಗಿರಬಹುದು.