ರೋಗಿಯೊಡನೆ ರೈಲು ಪ್ರಯಾಣ: ಸಿಲಿಂಡರಿನ ಲೆಕ್ಕ

ರಾಯಚೂರಿನಿಂದ ನಲವತ್ತು ಕಿಲೋಮೀಟರ್ ದೂರದ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಒಬ್ಬ ಅಜ್ಜಿ. ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತು ಅವರ ಶ್ವಾಸಕೋಶ ಸೊರಗಿದೆ. ಈಗ ಜಾರಿ ಬಿದ್ದು ತೊಡೆಯ ಮೂಳೆಯೂ ಮುರಿದಿದೆ. ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲೇ ಆಗಬೇಕೆಂದು ವೈದ್ಯರು ಹೇಳಿದ್ದಾರೆ. ಅವರನ್ನು ಮಲಗಿಸಿಯೇ ಒಯ್ಯಬೇಕು, ದಾರಿಯುದ್ದಕ್ಕೂ ಆಮ್ಲಜನಕ ಕೊಡುತ್ತಿರಬೇಕು. ಇಂತಹ ಸಂದರ್ಭದಲ್ಲಿ ಮನೆಯ ಹಿರಿಯರು ಹಣ ಹೊಂದಿಸುವುದರಲ್ಲಿ ಮುಳುಗಿರುತ್ತಾರೆ. ಲೆಕ್ಕ ಹಾಕುವ ಕೆಲಸ ಓದಿದ ಮೊಮ್ಮಗನಿಗೋ ಮೊಮ್ಮಗಳಿಗೋ ಬರುತ್ತದೆ. ಆ ಲೆಕ್ಕ ತಪ್ಪಿದರೆ ನಡುರಾತ್ರಿ, ಯಾವುದೋ ಎರಡು ನಿಲ್ದಾಣಗಳ ನಡುವೆ, ಸಿಲಿಂಡರು ಬರಿದಾಗುತ್ತದೆ.

ಮೊದಲು ವೈದ್ಯರಿಂದ ಮೂರು ಉತ್ತರಗಳನ್ನು ಬರಹದಲ್ಲಿ ಪಡೆಯಿರಿ. ರೋಗಿ ಪ್ರಯಾಣ ಮಾಡಬಹುದೇ? ಆಮ್ಲಜನಕ ನಿಮಿಷಕ್ಕೆ ಎಷ್ಟು ಲೀಟರು? ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಅಂಕಿ ಎಷ್ಟಿರಬೇಕು? ನಮ್ಮ ಅಜ್ಜಿಗೆ ವೈದ್ಯರು ನಿಮಿಷಕ್ಕೆ 2 ಲೀಟರು ಎಂದೂ, ಅಂಕಿ 88ರಿಂದ 92ರೊಳಗೆ ಇದ್ದರೆ ಸಾಕೆಂದೂ ಬರೆದುಕೊಟ್ಟಿದ್ದಾರೆ ಎನ್ನೋಣ. ಸಿಲಿಂಡರನ್ನು ರೈಲಿನಲ್ಲಿ ಜೊತೆಗೆ ಒಯ್ಯಲೂ ವೈದ್ಯರ ಪ್ರಮಾಣಪತ್ರ ಬೇಕು. ಅದರ ಎರಡು ಪ್ರತಿ ಇಟ್ಟುಕೊಳ್ಳಿ.

ಬಸ್ಸು ಏಕೆ ಬೇಡ? ಕುಳಿತುಕೊಳ್ಳಬಲ್ಲ ರೋಗಿಗೆ ಬಸ್ಸು ಒಳ್ಳೆಯದೇ. ಆದರೆ ಅದರ ಬಾಗಿಲಿನ ಮೆಟ್ಟಿಲು ಎತ್ತರ, ನಡುವಿನ ದಾರಿ ಕಿರಿದು. ಮಲಗುವ ಸೀಟುಗಳಿರುವ ಬಸ್ಸಿನಲ್ಲೂ ನಾಲ್ಕು ಜನ ಹಿಡಿದು ಸಾಗಿಸಲು ಜಾಗವಿಲ್ಲ. ರಸ್ತೆಯ ಕುಲುಕಾಟ ಮುರಿದ ಮೂಳೆಗೆ ನೋವು, ಶೌಚಾಲಯವೂ ಇಲ್ಲ. ಆದ್ದರಿಂದ ರೈಲನ್ನೇ ಆರಿಸಿಕೊಂಡೆವು.

ಈಗ ಲೆಕ್ಕಕ್ಕೆ ಬರೋಣ. ಮನೆಗೆ ಬಾಡಿಗೆಗೆ ಸಿಗುವ ‘ಬಿ’ ಮಾದರಿಯ ಸಿಲಿಂಡರಿನ ಒಳಗೆ ಸುಮಾರು 10 ಲೀಟರು ನೀರು ಹಿಡಿಯುವಷ್ಟು ಜಾಗವಿರುತ್ತದೆ. ಅದರಲ್ಲಿ ಅನಿಲವನ್ನು ವಾತಾವರಣದ ಒತ್ತಡದ ಸುಮಾರು 150 ಪಟ್ಟಿಗೆ ಅದುಮಿ ತುಂಬುತ್ತಾರೆ. ನೀವು ಓದಿದ ಬಾಯ್ಲನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಹತ್ತನ್ನು ನೂರೈವತ್ತರಿಂದ ಗುಣಿಸಿದರೆ 1500. ಹೊರಗೆ ಬಂದಾಗ ಅದು ಸುಮಾರು 1500 ಲೀಟರು ಆಮ್ಲಜನಕ. ನಿಮಿಷಕ್ಕೆ 2 ಲೀಟರಿನಂತೆ ಗಂಟೆಗೆ 120 ಲೀಟರು ಖರ್ಚಾದರೆ ಒಂದು ಸಿಲಿಂಡರು ಹನ್ನೆರಡೂವರೆ ಗಂಟೆ ಬರುತ್ತದೆ.

ರಾಯಚೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು ಒಂಬತ್ತು ಗಂಟೆ. ಹಾಗಾದರೆ ಒಂದೇ ಸಾಕು ಎಂದು ಎಷ್ಟೋ ಜನ ಎಡವುವುದು ಇಲ್ಲಿಯೇ. ರೋಗಿಯ ಪ್ರಯಾಣ ರೈಲು ಹೊರಟಾಗ ಆರಂಭವಾಗುವುದಿಲ್ಲ. ಹಳ್ಳಿಯಿಂದ ನಿಲ್ದಾಣಕ್ಕೆ ಒಂದು ಗಂಟೆ, ಪ್ಲಾಟ್‌ಫಾರಮ್ಮಿನಲ್ಲಿ ಕಾಯುವುದು ಎರಡು ಗಂಟೆ, ಬೆಂಗಳೂರಿನಲ್ಲಿ ಇಳಿಸಿ ಆಸ್ಪತ್ರೆ ಸೇರಲು ಮತ್ತೊಂದು ಗಂಟೆ. ಒಟ್ಟು ಹದಿಮೂರು ಗಂಟೆ, ಅಂದರೆ 1560 ಲೀಟರು. ರೈಲು ಸರಿಯಾದ ವೇಳೆಗೆ ಓಡಿದರೂ ಒಂದು ಸಿಲಿಂಡರು ಸಾಲದು! ತಡವಾಗುವುದಕ್ಕೆಂದು ಅರ್ಧದಷ್ಟು ಹೆಚ್ಚು ಸೇರಿಸಿದರೆ 2340 ಲೀಟರು. ಎರಡು ಸಿಲಿಂಡರು ಬೇಕೇ ಬೇಕು.

ಅಂಗಡಿಯವರು ‘ಪೂರ್ತಿ ತುಂಬಿದೆ’ ಎಂದರೂ ಮುಳ್ಳು ನೋಡದೆ ತರಬೇಡಿ. ಮುಳ್ಳು 120ರಲ್ಲಿ ನಿಂತಿದ್ದರೆ ಒಳಗಿರುವುದು 1200 ಲೀಟರು, ಹತ್ತೇ ಗಂಟೆಗೆ ಸಾಕು. ಎರಡು ಸಿಲಿಂಡರನ್ನೂ ಮನೆಯಲ್ಲೇ ಒಮ್ಮೆ ತೆರೆದು, ಜೋಡಣೆಯ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಎಣ್ಣೆ, ಗ್ರೀಸು ಹತ್ತಿರ ತರಬೇಡಿ. ಒತ್ತಡದ ಆಮ್ಲಜನಕದೊಡನೆ ಅವು ಹೊತ್ತಿಕೊಳ್ಳಬಲ್ಲವು. ಬಾಯಿ ತೆರೆಯುವ ಕೀಲಿಯನ್ನು ಸಿಲಿಂಡರಿಗೇ ದಾರದಿಂದ ಕಟ್ಟಿ. ಅದನ್ನು ಮನೆಯಲ್ಲಿ ಮರೆತರೆ ಎರಡನೆಯ ಸಿಲಿಂಡರು ಇದ್ದೂ ಇಲ್ಲದಂತೆ.

ಇನ್ನು ಸ್ಟ್ರೆಚರು. ಪ್ಲಾಟ್‌ಫಾರಮ್ಮಿನವರೆಗೆ ಅದು ಸಲೀಸಾಗಿ ಬರುತ್ತದೆ, ಬೋಗಿಯ ಬಾಗಿಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಗಿಲು ದಾಟಿದೊಡನೆ ಶೌಚಾಲಯದ ಪಕ್ಕದಲ್ಲಿ ನೇರ ತಿರುವು ಇದೆ. ಆರಡಿಗೂ ಮಿಕ್ಕಿದ ಗಟ್ಟಿ ಕಂಬಗಳು ಅಲ್ಲಿ ತಿರುಗುವುದಿಲ್ಲ. ಆದ್ದರಿಂದ ಮನೆಯಿಂದ ಹೊರಡುವಾಗಲೇ ಅಜ್ಜಿಯ ಕೆಳಗೆ ದಪ್ಪ ಜಮಖಾನ ಹಾಸಿ. ಎರಡು ಕಾಲುಗಳ ನಡುವೆ ದಿಂಬಿಟ್ಟು ಮೆತ್ತಗೆ ಕಟ್ಟಿ. ಬಾಗಿಲಿನಲ್ಲಿ ನಾಲ್ವರು ಜಮಖಾನದ ಅಂಚುಗಳನ್ನು ಬಿಗಿಯಾಗಿ ಎಳೆದು ಹಿಡಿದು, ತಲೆಯ ಕಡೆಯಿಂದ ಒಳಗೆ ಒಯ್ಯಿರಿ. ಐದನೆಯವರು ಸಿಲಿಂಡರು ಹಿಡಿದು, ಕೊಳವೆ ಎಳೆಯದಂತೆ, ತಲೆಯ ಪಕ್ಕದಲ್ಲೇ ನಡೆಯಲಿ. ಜಮಖಾನ ಹಾಗೆಯೇ ಇರಲಿ, ಇಳಿಸುವಾಗ ಮತ್ತೆ ಬೇಕು. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಮಾತ್ರ ಈ ಉಪಾಯ ಸಲ್ಲದು. ಅಂತಹವರ ದೇಹ ಬಾಗಲೇಬಾರದು, ಅವರಿಗೆ ಆಂಬುಲೆನ್ಸೇ ಸರಿ.

ಬಾಗಿಲಿಗೆ ಹತ್ತಿರವಾದ 1 ಮತ್ತು 4ನೇ ಬರ್ತುಗಳು ಎದುರುಬದುರಾದ ಕೆಳಬರ್ತುಗಳು. ಸಿಕ್ಕರೆ ಒಂದು ರೋಗಿಗೆ, ಇನ್ನೊಂದು ನಿಮಗೆ. ರೈಲು ರಾಯಚೂರಿನಲ್ಲಿ ಕೆಲವೇ ನಿಮಿಷ ನಿಲ್ಲುವುದರಿಂದ ಮುಂಚಿತವಾಗಿ ಸ್ಟೇಷನ್ ಮಾಸ್ತರರನ್ನು ಕಂಡು, ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಕೇಳಿ ಅಲ್ಲೇ ಕಾಯಿರಿ.

ಬೋಗಿಯಲ್ಲಿ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬರ್ತಿನ ಏಣಿಗೋ ಸರಳಿಗೋ ಬಿಗಿಯಾಗಿ ಕಟ್ಟಿ. ಓರೆಯಾದರೆ ಹರಿವು ತೋರಿಸುವ ಗಾಜಿನ ಕೊಳವೆಯ ಗುಂಡು ಸುಳ್ಳು ಹೇಳುತ್ತದೆ. ಅಜ್ಜಿಯ ತಲೆ, ಬೆನ್ನಿಗೆ ದಿಂಬು ಕೊಟ್ಟು ಎತ್ತರಿಸಿ. ಸುತ್ತ ಯಾರೂ ಬೀಡಿ, ಬೆಂಕಿಕಡ್ಡಿ ಹಚ್ಚದಂತೆ ನೋಡಿಕೊಳ್ಳಿ. ಆಮೇಲೆ ಒಂದು ನೋಟುಬುಕ್ಕು ತೆಗೆದು, ಗಂಟೆಗೊಮ್ಮೆ ಮುಳ್ಳಿನ ಅಂಕಿಯನ್ನೂ ಬೆರಳಿನ ಅಂಕಿಯನ್ನೂ ಬರೆಯಿರಿ. ನಮ್ಮ ಲೆಕ್ಕದಲ್ಲಿ ಮುಳ್ಳು ಗಂಟೆಗೆ 12ರಂತೆ ಇಳಿಯಬೇಕು. 20 ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಯಾರೋ ಹರಿವು ಹೆಚ್ಚಿಸಿದ್ದಾರೆ. ಮುಳ್ಳು 20ಕ್ಕೆ ಬಂದಾಗ, ಸೊನ್ನೆಗೆ ಕಾಯದೆ, ಸಿಲಿಂಡರು ಬದಲಿಸಿ.

ಹರಿವು ಹೆಚ್ಚಿಸುವ ಆಸೆ ಎಲ್ಲರಿಗೂ ಆಗುತ್ತದೆ. ‘ಇನ್ನಷ್ಟು ಬಿಡಪ್ಪಾ, ಅವಳಿಗೆ ಹಾಯೆನಿಸಲಿ’ ಎಂದು ದೊಡ್ಡಪ್ಪ ಹೇಳಬಹುದು. ನಿಮಿಷಕ್ಕೆ 4 ಲೀಟರು ಮಾಡಿದರೆ ಎರಡು ಸಿಲಿಂಡರೂ ಸೇರಿ ಹನ್ನೆರಡೂವರೆ ಗಂಟೆಯಲ್ಲೇ ಮುಗಿಯುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹಳೆಯ ಶ್ವಾಸಕೋಶದ ಕಾಯಿಲೆಯವರಲ್ಲಿ ಕೆಲವರಿಗೆ ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಏರಿ ಮಂಪರು ಕವಿಯುತ್ತದೆ. ‘ನೆಮ್ಮದಿಯಾಗಿ ನಿದ್ದೆ ಬಂತು’ ಎಂದು ಮನೆಯವರು ಹಿಗ್ಗುವಾಗ ರೋಗಿ ಪ್ರಜ್ಞೆ ತಪ್ಪುತ್ತಿರಬಹುದು. ಆದ್ದರಿಂದ ಆಗಾಗ ಹೆಸರು ಹಿಡಿದು ಕರೆದು ಮಾತನಾಡಿಸಿ. ಉತ್ತರ ತೊದಲಿದರೆ, ತುಟಿ ನೀಲಿಯಾದರೆ, ಅಂಕಿ 88ಕ್ಕಿಂತ ಇಳಿದು ಮೇಲೇಳದಿದ್ದರೆ, ಕೊಳವೆ ಮಡಿಚಿದೆಯೇ ಎಂದು ಮೊದಲು ನೋಡಿ. ಸರಿಹೋಗದಿದ್ದರೆ ತಡಮಾಡದೆ ಟಿಕೆಟ್ ಪರೀಕ್ಷಕರಿಗೆ ತಿಳಿಸಿ, 139ಕ್ಕೆ ಫೋನು ಮಾಡಿ. ಮುಂದಿನ ದೊಡ್ಡ ನಿಲ್ದಾಣದಲ್ಲಿ ವೈದ್ಯರನ್ನು ಕರೆಸುವಂತೆ ಕೇಳಿ. ಅವರು ಇಳಿಯಿರಿ ಎಂದರೆ ಇಳಿಯಿರಿ.

ಹೊರಡುವ ಮೊದಲೇ ಮಂಪರು, ಎದೆನೋವು ಇದ್ದವರಿಗೆ ಅಥವಾ ಹೆಚ್ಚು ಹೆಚ್ಚು ಆಮ್ಲಜನಕ ಬೇಕಾಗುತ್ತಿರುವವರಿಗೆ ಈ ಪ್ರಯಾಣ ತಕ್ಕುದಲ್ಲ. ಅವರಿಗೆ 108 ಕರೆದು ಹತ್ತಿರದ ಆಸ್ಪತ್ರೆ ಸೇರಿಸಬೇಕು. ಮುಂದೆ ಹೇಗೆ ಕಳಿಸುವುದೆಂಬುದನ್ನು ಅಲ್ಲಿನ ವೈದ್ಯರು ತೀರ್ಮಾನಿಸಲಿ.

ಬೆಂಗಳೂರು ಇನ್ನೊಂದು ಗಂಟೆ ಇರುವಾಗ ಆಸ್ಪತ್ರೆಯ ಆಂಬುಲೆನ್ಸಿಗೆ ಬೋಗಿಯ ಸಂಖ್ಯೆ ತಿಳಿಸಿ. ಆಸ್ಪತ್ರೆಯಲ್ಲಿ ವೈದ್ಯರಿಗೆ ಮೊದಲು ಕೊಡಬೇಕಾದದ್ದು ನಿಮ್ಮ ಆ ನೋಟುಬುಕ್ಕು. ರಾತ್ರಿಯಿಡೀ ಅಜ್ಜಿಗೆ ಏನಾಯಿತೆಂಬುದು ಅದರಲ್ಲಿ ಗಂಟೆಗಂಟೆಗೂ ಬರೆದಿರುತ್ತದೆ.