ಸಂಪ್ ತೊಳೆಯಲು ಎಷ್ಟು ಕೇಳಬೇಕು?

ತಾಲ್ಲೂಕು ಕೇಂದ್ರವೊಂದರಲ್ಲಿ ಇಬ್ಬರು ಸೇರಿ, ಯಂತ್ರದಿಂದ ಸಂಪ್ ತೊಳೆಯುವ ಕೆಲಸ ಶುರುಮಾಡುತ್ತಾರೆ ಎನ್ನಿ. ಊರಲ್ಲಿ ಬೇರೆ ಯಾರೂ ಇದನ್ನು ಮಾಡುತ್ತಿಲ್ಲ. ಕೇಳಿ ತಿಳಿಯೋಣವೆಂದರೆ ದರವೇ ಇಲ್ಲ.

ಹೋಲಿಕೆಗೆ ಏನೂ ಇಲ್ಲ ಅನ್ನುವುದು ಮಾತ್ರ ಪೂರ್ತಿ ನಿಜವಲ್ಲ. ಮನೆಯವರು ಈಗ ಕೂಲಿಯವರಿಗೆ 800 ರೂಪಾಯಿ ಕೊಟ್ಟು, ಅರ್ಧ ದಿನ ಎದುರು ನಿಂತು ತೊಳೆಸುತ್ತಾರೆ. ಆದರೂ ತಳದ ಕೆಸರು ಉಳಿಯುತ್ತದೆ. ಗಿರಾಕಿ ಮನಸ್ಸಲ್ಲೇ ಹೋಲಿಸುವುದು ಇದರ ಜೊತೆಗೆ.

ಇನ್ನು ಖರ್ಚು. ಇಬ್ಬರ ದಿನದ ದುಡಿಮೆ 1,600. ದಿನಕ್ಕೆ ಎರಡು ಮನೆಯಾದರೆ ತಲಾ 800. ಪೆಟ್ರೋಲು, ಬ್ಲೀಚಿಂಗ್ ಪುಡಿ, ಯಂತ್ರದ ಸವಕಳಿಗೆ 250. ಅಲ್ಲಿಗೆ 1,050 ಆಯಿತು. ಒಂದೇ ಮನೆ ಸಿಕ್ಕ ದಿನ ಅದೇ ಕೆಲಸಕ್ಕೆ 1,850 ಬೀಳುತ್ತದೆ! ಹೊಸಬರು ಮುಗ್ಗರಿಸುವುದು ಇಲ್ಲೇ: ಖಾಲಿ ಕೂತ ಹೊತ್ತನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಾನಾದರೆ 1,400 ಹೇಳಿ, ಒಂದೇ ಬಡಾವಣೆಯ ಎರಡು ಮನೆ ಕೂಡಿದ ದಿನವಷ್ಟೇ ಹೊರಡುತ್ತೇನೆ. ಮೊದಲ ಗಿರಾಕಿಗಳಿಗೆ ಇನ್ನೂರು ಬಿಡುವುದಾದರೂ ಬಿಲ್ಲಿನಲ್ಲಿ 1,400 ಬರೆದು, ರಿಯಾಯಿತಿಯನ್ನು ಬೇರೆ ಸಾಲಿನಲ್ಲಿ ತೋರಿಸಬೇಕು. ಇಲ್ಲದಿದ್ದರೆ 1,200 ಅನ್ನುವುದೇ ಊರ ದರವಾಗುತ್ತದೆ, ಆಮೇಲೆ ಏರಿಸಿದರೆ ಜಗಳ. ಯಾರೂ ಚೌಕಾಸಿ ಮಾಡದೆ ತಕ್ಷಣ ಒಪ್ಪುತ್ತಿದ್ದರೆ ದರ ಕಮ್ಮಿಯಾಯಿತೆಂದೇ ತಿಳಿಯಿರಿ. ದರ ಕೇಳಿದವರು ಮತ್ತೆ ಫೋನ್ ಮಾಡದಿದ್ದರೆ, ಅವರು ಆಮೇಲೆ ಕೂಲಿಯವರನ್ನು ಕರೆಸಿದರೋ ಅಥವಾ ಸಂಪ್ ತೊಳೆಸುವುದನ್ನೇ ಬಿಟ್ಟರೋ ಎಂದು ವಿಚಾರಿಸಿ. ತೊಳೆಸುವುದನ್ನೇ ಬಿಟ್ಟವರು ದರ ಇಳಿಸಿದರೂ ಬರುವುದು ಕಷ್ಟ.