ಮಡಗಾಂವ್‌ನ ಹಳಿ, ಒಂಬತ್ತನೆಯ ತರಗತಿಯ ಪ್ರಶ್ನೆ

ಓಝೋನ್ ಪದರ ಸವೆಯಲು ಕಾರಣವೇನು? ಆಮ್ಲಮಳೆ ಹೇಗೆ ಉಂಟಾಗುತ್ತದೆ? ವಾಯುಮಾಲಿನ್ಯಕ್ಕೆ ಪರಿಹಾರವೇನು? ಒಂಬತ್ತನೆಯ ತರಗತಿಯ ಪರಿಸರ ಅಧ್ಯಯನದ ಪರೀಕ್ಷೆಯಲ್ಲಿ ಈ ಮೂರೂ ಒಂದರ ಹಿಂದೊಂದು ಬರುತ್ತವೆ. ಮೂರಕ್ಕೂ ಮಕ್ಕಳು ಬಾಯಿಪಾಠ ಮಾಡಿಕೊಂಡ ಉತ್ತರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ವಾಹನ ಮತ್ತು ಕಾರ್ಖಾನೆಗಳ ಹೊಗೆ ಕಾರಣ, ಗಿಡ ನೆಡುವುದು ಮತ್ತು ಜಾಗೃತಿ ಮೂಡಿಸುವುದು ಪರಿಹಾರ. ಈ ಉತ್ತರ ಓಝೋನ್ ವಿಷಯದಲ್ಲಿ ತಪ್ಪು, ಆಮ್ಲಮಳೆಯ ವಿಷಯದಲ್ಲಿ ಅರ್ಧ ಸರಿ, ವಾಯುಮಾಲಿನ್ಯದ ವಿಷಯದಲ್ಲಿ ಸರಿಯಿದ್ದರೂ ತೀರಾ ತೆಳು. ಮೂರೂ ಆಕಾಶದಲ್ಲಿ ನಡೆಯುವ ಸಂಗತಿಗಳು ಎನ್ನುವುದನ್ನು ಬಿಟ್ಟರೆ ಅವುಗಳ ವಸ್ತು ಬೇರೆ, ಎತ್ತರ ಬೇರೆ, ಮದ್ದೂ ಬೇರೆ.

ಈ ವ್ಯತ್ಯಾಸವನ್ನು ಕಲಿಯಲು ಮಡಗಾಂವ್‌ನ ವಿದ್ಯಾರ್ಥಿ ದೂರ ಹೋಗಬೇಕಿಲ್ಲ. ಊರಿನ ರೈಲು ನಿಲ್ದಾಣದಲ್ಲಿ ನಿಂತರೆ ಸಾಕು.

ಮಾರ್ಮುಗೋವಾ ಬಂದರಿನಲ್ಲಿ ಹಡಗಿನಿಂದ ಇಳಿಯುವ ಕಲ್ಲಿದ್ದಲು ತೆರೆದ ವ್ಯಾಗನ್‌ಗಳಲ್ಲಿ ತುಂಬಿಕೊಂಡು ವಾಸ್ಕೋ, ಮಜೋರ್ಡಾ ದಾಟಿ ಮಡಗಾಂವ್‌ಗೆ ಬರುತ್ತದೆ. ಮುಂದೆ ಚಾಂದೋರ್, ಸಾವರ್ಡೆ, ಕುಳೆ ದಾಟಿ, 37 ಅಡಿ ಸಾಗಿದರೆ 1 ಅಡಿ ಏರುವ ಕಡಿದಾದ ಘಟ್ಟ ಹತ್ತಿ, ಕ್ಯಾಸಲ್‌ರಾಕ್‌ನಲ್ಲಿ ಕರ್ನಾಟಕ ಸೇರುತ್ತದೆ. ಅದರ ದೊಡ್ಡ ಪಾಲು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಗೆ. ಉಕ್ಕು ಮಾಡಲು ಬೇಕಾದ ಕೋಕಿಂಗ್ ಕಲ್ಲಿದ್ದಲು ನಮ್ಮ ದೇಶದಲ್ಲಿ ಸಾಕಷ್ಟಿಲ್ಲದ ಕಾರಣ ಆಸ್ಟ್ರೇಲಿಯಾ ಮುಂತಾದ ಕಡೆಗಳಿಂದ ಹಡಗಿನಲ್ಲಿ ತರಿಸಲಾಗುತ್ತದೆ. ಹೀಗೆ ಕರ್ನಾಟಕದ ಉಕ್ಕಿಗಾಗಿ ಗೋವಾದ ಮನೆಗಳ ಹಿತ್ತಿಲಲ್ಲಿ ಕಲ್ಲಿದ್ದಲು ಹಾದುಹೋಗುತ್ತದೆ. ಕನ್ನಡಿಗರೂ ಈ ಕಥೆಯ ಪಾಲುದಾರರು.

2020ರ ನವೆಂಬರ್ ಮೊದಲ ರಾತ್ರಿ ಚಾಂದೋರ್‌ನಲ್ಲಿ ಸಾವಿರಾರು ಜನ ಹಳಿಯ ಬಳಿ ಸೇರಿ, ಈ ಮಾರ್ಗವನ್ನು ಜೋಡಿಹಳಿ ಮಾಡುವುದನ್ನು ವಿರೋಧಿಸಿದರು. ಹಳಿ ಎರಡಾದರೆ ಕಲ್ಲಿದ್ದಲಿನ ರೈಲುಗಳೂ ಹೆಚ್ಚುತ್ತವೆ ಎಂಬುದು ಅವರ ಆತಂಕ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಘಟ್ಟದ ಭಾಗದ ಜೋಡಿಹಳಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ರದ್ದುಮಾಡಿತು.

ವಾಯುಮಾಲಿನ್ಯದ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗಬೇಕು. ವ್ಯಾಗನ್‌ನಲ್ಲಿರುವ ಕಲ್ಲಿದ್ದಲು ಉರಿಯುತ್ತಿಲ್ಲ, ಆದ್ದರಿಂದ ಅದರಿಂದ ಹೊಗೆ ಬರುವುದಿಲ್ಲ. ಬರುವುದು ದೂಳು. ಹಡಗಿನಿಂದ ಎತ್ತಿ ಸುರಿಯುವಾಗ, ರಾಶಿಯ ಮೇಲೆ ಗಾಳಿ ಬೀಸಿದಾಗ, ವ್ಯಾಗನ್ ತುಂಬುವಾಗ, ರೈಲು ವೇಗ ಪಡೆದಾಗ ಅದು ಏಳುತ್ತದೆ. ಬಂದರು ಊರಿನ ಪಶ್ಚಿಮದ ತುದಿಯಲ್ಲಿದೆ, ಮಧ್ಯಾಹ್ನದ ಕಡಲ ಗಾಳಿ ಬೀಸುವುದು ಸಮುದ್ರದಿಂದ ನೆಲದ ಕಡೆಗೆ. ಹಾಗಾಗಿ ಒಣ ತಿಂಗಳುಗಳಲ್ಲಿ ದೂಳು ವಾಸ್ಕೋ ಪಟ್ಟಣದ ಮೇಲೆಯೇ ಬರುತ್ತದೆ. ಬರಿದಾಗಿ ಮರಳುವ ವ್ಯಾಗನ್‌ನ ತಳದಲ್ಲಿ ಉಳಿದ ಪುಡಿಯೂ ಹಾರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಹಳಿಯ ಪಕ್ಕದ ಮನೆಯವರು ಕಿಟಕಿಯ ಪಟ್ಟಿ ಒರೆಸಿ ಕಪ್ಪಾದ ಬಟ್ಟೆ ತೋರಿಸುತ್ತಾರೆ. ಆ ಸಾಕ್ಷ್ಯ ನಿಜ, ಆದರೆ ಅದಕ್ಕೊಂದು ಮಿತಿಯಿದೆ. ಕಿಟಕಿಯ ಮೇಲೆ ಬೇಗ ಕೂರುವುದು ದಪ್ಪ ಕಣ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ ಮೈಕ್ರಾನ್‌ನಲ್ಲಿ ಅಳೆಯುವಂಥದ್ದು. 10 ಮೈಕ್ರಾನ್‌ಗಿಂತ ಸಣ್ಣದಾದ ಕಣಗಳು ಗಾಳಿಯಲ್ಲೇ ತೇಲುತ್ತವೆ, 2.5 ಮೈಕ್ರಾನ್‌ಗಿಂತ ಸಣ್ಣವು ಇನ್ನೂ ಒಳಗೆ ಹೋಗುತ್ತವೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಟಿಸಿದ ಮಾನದಂಡದ ಪ್ರಕಾರ, ಒಂದು ಘನ ಮೀಟರ್ ಗಾಳಿಯಲ್ಲಿ ಮೊದಲ ಬಗೆಯ ಕಣ 24 ಗಂಟೆಯ ಸರಾಸರಿಯಲ್ಲಿ 100 ಮೈಕ್ರೋಗ್ರಾಂ ಮೀರಬಾರದು, ಎರಡನೆಯ ಬಗೆಯದು 60 ಮೀರಬಾರದು. ಇದನ್ನು ತಿಳಿಯಲು ಬಟ್ಟೆ ಸಾಲದು. ನಿಗದಿತ ವೇಗದಲ್ಲಿ ಗಾಳಿ ಎಳೆದು, ಸೋಸುಕಾಗದದ ತೂಕವನ್ನು ಮೊದಲು ಮತ್ತು ಆಮೇಲೆ ನೋಡುವ ಯಂತ್ರ ಬೇಕು.

ಕಾಗದದ ಮೇಲೆ ಕೂತದ್ದು ಕಲ್ಲಿದ್ದಲೇ, ರಸ್ತೆಯ ದೂಳೇ ಎಂದು ತಿಳಿಯುವುದು ಮುಂದಿನ ಹೆಜ್ಜೆ. ಗೋವಾದ ಮುರಕಲ್ಲಿನ ದೂಳು ಕೆಂಪು, ಅದರಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೆಚ್ಚು. ಕಡಲಿನಿಂದ ಬಂದ ಕಣದಲ್ಲಿ ಉಪ್ಪಿನ ಸೋಡಿಯಂ ಮತ್ತು ಕ್ಲೋರಿನ್ ಸಿಗುತ್ತವೆ. ಕಲ್ಲಿದ್ದಲಿನ ಚೂರು ಸೂಕ್ಷ್ಮದರ್ಶಕದಲ್ಲಿ ಮೂಲೆಮೂಲೆಯಾಗಿ ಕಪ್ಪಗೆ ಕಾಣುತ್ತದೆ, ಅದರ ಬಹುಪಾಲು ಇಂಗಾಲ. ಈ ಬೇರ್ಪಡಿಕೆ ಮಾಡದೆ ಯಾರ ಪಾಲು ಎಷ್ಟೆಂದು ಹೇಳಿದರೆ ವಾದ ಮಾತ್ರ ಉಳಿಯುತ್ತದೆ.

ಪರಿಹಾರವೂ ಕಾರಣಕ್ಕೆ ತಕ್ಕಂತಿರಬೇಕು. ರಾಶಿಗೆ ಮುಚ್ಚಿದ ಗೋದಾಮು, ಸುರಿಯುವಲ್ಲಿ ಸಣ್ಣ ಹನಿಗಳ ನೀರು, ಗಾಳಿ ತಡೆಯುವ ಪರದೆ, ವ್ಯಾಗನ್‌ಗೆ ಬಿಗಿಯಾದ ಟಾರ್ಪಾಲು, ಮರಳುವ ಮೊದಲು ಖಾಲಿ ವ್ಯಾಗನ್ ತೊಳೆಯುವುದು. ಟಾರ್ಪಾಲಿನ ಒಂದು ಮೂಲೆ ಬಿಚ್ಚಿಕೊಂಡರೂ ಅಲ್ಲಿಂದ ದೂಳು ಏಳುತ್ತದೆ. ತೊಳೆದ ನೀರು ಕಪ್ಪಾಗಿ ಚರಂಡಿಗೆ ಹೋದರೆ ಗಾಳಿಯ ಸಮಸ್ಯೆ ನೀರಿನ ಸಮಸ್ಯೆಯಾಗುತ್ತದೆ, ಆದ್ದರಿಂದ ಪುಡಿ ತಳಕ್ಕಿಳಿಯುವ ಕೊಳವೂ ಬೇಕು. ಗಿಡದ ಸಾಲು ಸ್ವಲ್ಪ ದೂಳು ಹಿಡಿಯುತ್ತದೆ ನಿಜ, ಆದರೆ ಹಾರುವ ಮೂಲವನ್ನು ಮುಚ್ಚುವ ಕೆಲಸ ಅದರಿಂದಾಗದು.

ಮಡಗಾಂವ್‌ಗೆ ತನ್ನದೇ ಇನ್ನೊಂದು ಮೂಲವೂ ಇದೆ. ಊರಿನ ಕಸ ಸೇರುವ ಸೊನ್ಸೊಡ್ಡೊದಲ್ಲಿ 2019ರ ಮೇ ಕೊನೆಗೆ ಹೊತ್ತಿದ ಬೆಂಕಿಯ ಹೊಗೆ ದಿನಗಟ್ಟಲೆ ಸುತ್ತಲಿನ ಊರುಗಳನ್ನು ಆವರಿಸಿತ್ತು. ರಾಶಿಯೊಳಗೆ ಹಸಿಕಸ ಕೊಳೆತು ಮೀಥೇನ್ ಅನಿಲ ಕೂಡುತ್ತದೆ. ಬೆಂಕಿ ಒಳಗೊಳಗೇ ಉರಿಯುವುದರಿಂದ ಮೇಲೆ ಸುರಿದ ನೀರು ತಳ ಮುಟ್ಟುವುದಿಲ್ಲ. ಇಲ್ಲಿ ಪರಿಹಾರ ಮನೆಯ ಅಡುಗೆಕೋಣೆಯಲ್ಲಿದೆ: ಹಸಿಕಸವನ್ನು ಬೇರೆ ಕೊಟ್ಟರೆ ಆ ಅನಿಲಕ್ಕೆ ಆಹಾರವೇ ಸಿಗುವುದಿಲ್ಲ.

ಅದೇ ಕಲ್ಲಿದ್ದಲು ಉರಿದಾಗ ಎರಡನೆಯ ಪ್ರಶ್ನೆ ಹುಟ್ಟುತ್ತದೆ. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ. ನೂರಕ್ಕೆ ಅರ್ಧದಷ್ಟಿದೆ ಎಂದುಕೊಂಡರೆ ಒಂದು ಟನ್ ಕಲ್ಲಿದ್ದಲಿನಲ್ಲಿ 5 ಕಿಲೋ ಗಂಧಕ. ಅದು ಪೂರ್ತಿ ಉರಿದರೆ, ತನ್ನಷ್ಟೇ ತೂಕದ ಆಮ್ಲಜನಕ ಸೇರಿಸಿಕೊಂಡು 10 ಕಿಲೋ ಗಂಧಕದ ಡೈಆಕ್ಸೈಡ್ ಆಗುತ್ತದೆ. ಮೋಡದ ಹನಿಯೊಳಗೆ ಸೇರಿ ಬದಲಾದರೆ ಸುಮಾರು 15 ಕಿಲೋ ಗಂಧಕಾಮ್ಲ. ಒಂದೇ ಟನ್ನಿನಿಂದ ಇಷ್ಟು. ವಾಹನಗಳ ಪಾಲು ಇಲ್ಲಿ ಬೇರೆ ದಾರಿಯಲ್ಲಿ ಬರುತ್ತದೆ. ಎಂಜಿನ್ನಿನ ಬಿಸಿಗೆ ಗಾಳಿಯ ಸಾರಜನಕವೇ ಸುಟ್ಟು ಕೊನೆಗೆ ನೈಟ್ರಿಕ್ ಆಮ್ಲವಾಗುತ್ತದೆ.

ಮುಖ್ಯ ಮಾತೆಂದರೆ, ಈ ಆಮ್ಲ ಮಡಗಾಂವ್ ನಿಲ್ದಾಣದಲ್ಲಿ ನಿಂತ ವ್ಯಾಗನ್‌ನಲ್ಲಿ ಹುಟ್ಟುವುದಿಲ್ಲ. ಉರಿಯುವ ಕಡೆ ಹುಟ್ಟುತ್ತದೆ, ಗಾಳಿಯಲ್ಲಿ ಕೆಲವು ದಿನ ತೇಲುತ್ತದೆ, ನೂರಾರು ಕಿಲೋಮೀಟರ್ ಆಚೆ ಸುರಿಯುತ್ತದೆ. ಬ್ರಿಟನ್ ಮತ್ತು ಜರ್ಮನಿಯ ಚಿಮಣಿಗಳ ಹೊಗೆಯಿಂದ ಸ್ವೀಡನ್ನಿನ ಕೆರೆಗಳಲ್ಲಿ ಮೀನು ಸತ್ತಿದ್ದು ಹೀಗೆಯೇ. ಆ ನೋವಿನಿಂದಲೇ 1979ರಲ್ಲಿ ಜಿನೀವಾದಲ್ಲಿ ದೇಶಗಳ ಗಡಿ ದಾಟುವ ವಾಯುಮಾಲಿನ್ಯದ ಒಪ್ಪಂದವಾಯಿತು.

ಶುದ್ಧ ಮಳೆಯೂ ಸ್ವಲ್ಪ ಆಮ್ಲವೇ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಅದರ ಪಿಎಚ್ 5.6ರ ಸುಮಾರಿಗೆ ಬರುತ್ತದೆ. 4.6ಕ್ಕೆ ಇಳಿದರೆ ಆಮ್ಲ ಹತ್ತುಪಟ್ಟು ಹೆಚ್ಚಾಯಿತೆಂದು ಅರ್ಥ. ನಮ್ಮ ದೇಶದ ಬಹಳ ಕಡೆ ಮಣ್ಣಿನ ದೂಳಿನಲ್ಲಿರುವ ಸುಣ್ಣದ ಅಂಶ ಆ ಆಮ್ಲವನ್ನು ಆಕಾಶದಲ್ಲೇ ಶಮನ ಮಾಡುವುದರಿಂದ, ಹೊಗೆಯಿದ್ದರೂ ಮಳೆ ಅಷ್ಟು ಆಮ್ಲವಾಗಿರದೇ ಹೋಗಬಹುದು. ಶಾಲೆಯಲ್ಲಿ ಪಿಎಚ್ ಕಾಗದ ಹಿಡಿದು ಅಳೆಯುವವರು ಎರಡು ಎಚ್ಚರ ವಹಿಸಬೇಕು. ಸೂರಿನಿಂದ ಇಳಿದ ನೀರು ಹೆಂಚು, ಸಿಮೆಂಟು ತಾಕಿ ಬದಲಾಗಿರುತ್ತದೆ. ಬಯಲಿನಲ್ಲಿ ಶುದ್ಧ ಪಾತ್ರೆಯಿಟ್ಟು ನೇರವಾಗಿ ಹಿಡಿಯಬೇಕು. ಮಳೆನೀರಿನಲ್ಲಿ ಕರಗಿದ ಲವಣ ಬಹಳ ಕಡಿಮೆಯಾದ್ದರಿಂದ ಕಾಗದದ ಬಣ್ಣ ನಿಧಾನವಾಗಿ ಬದಲಾಗುತ್ತದೆ, ಮೊದಲ ನೋಟಕ್ಕೇ ಸಂಖ್ಯೆ ಬರೆಯಬಾರದು.

ಆಮ್ಲಮಳೆಯ ಮದ್ದು ಚಿಮಣಿಯ ಒಳಗಿದೆ. ಹೊಗೆಗೆ ಸುಣ್ಣಕಲ್ಲಿನ ಹಾಲು ಸಿಂಪಡಿಸಿದರೆ ಗಂಧಕದ ಅನಿಲ ಜಿಪ್ಸಂ ಆಗಿ ಉಳಿಯುತ್ತದೆ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿಗೆ ಗಂಧಕದ ಅನಿಲದ ಮಿತಿ ಹಾಕಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳಿಗೆ ವಿನಾಯಿತಿಯನ್ನೂ ಕೊಡಲಾಯಿತು. ಮಳೆ ಇನ್ನೂ ಅಷ್ಟು ಹುಳಿಯಾಗಿಲ್ಲ ಎಂಬುದನ್ನು ನೆಮ್ಮದಿಯೆಂದು ತಿಳಿದು ಹಿಂದೆ ಸರಿದಿದ್ದು ಸರಿಯಲ್ಲ. ಅದೇ ಅನಿಲ ಗಾಳಿಯಲ್ಲಿ ಸಲ್ಫೇಟ್ ಎಂಬ ಸೂಕ್ಷ್ಮ ಕಣವಾಗಿ ಶ್ವಾಸಕೋಶ ಸೇರುತ್ತದೆ.

ಉಳಿದ ಓಝೋನ್ ಪ್ರಶ್ನೆಗೆ ಕಲ್ಲಿದ್ದಲಿನ ಸಂಬಂಧವಿಲ್ಲ. ಆದರೂ ಅದರ ಉತ್ತರದ ಒಂದು ಭಾಗ ಅದೇ ಬಂದರಿನ ನೆತ್ತಿಯ ಮೇಲಿದೆ. ಮಡಗಾಂವ್‌ನಿಂದ ಸುಮಾರು 30 ಕಿಲೋಮೀಟರ್ ದೂರದ ವಾಸ್ಕೋದ ಹೆಡ್‌ಲ್ಯಾಂಡ್ ಸಡಾ ಗುಡ್ಡದಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ಭಾರತದ ಮೊದಲ ಅಂಟಾರ್ಕ್ಟಿಕಾ ಯಾತ್ರೆ ಡಾ. ಎಸ್.ಝಡ್. ಖಾಸಿಂ ನೇತೃತ್ವದಲ್ಲಿ ಗೋವಾದಿಂದಲೇ 1981ರ ಡಿಸೆಂಬರ್‌ನಲ್ಲಿ ಹೊರಟಿತ್ತು. ಈಗ ಅಂಟಾರ್ಕ್ಟಿಕಾದ ಮೈತ್ರಿ ಕೇಂದ್ರದಿಂದ ಬಲೂನಿಗೆ ಉಪಕರಣ ಕಟ್ಟಿ ಹಾರಿಸಿ ಓಝೋನ್ ಅಳೆಯುತ್ತಾರೆ.

ಓಝೋನ್ ಪದರ ನೆಲದಿಂದ 15ರಿಂದ 35 ಕಿಲೋಮೀಟರ್ ಎತ್ತರದಲ್ಲಿದೆ. ಬಸ್ಸಿನ ಹೊಗೆ ಅಲ್ಲಿಗೆ ಮುಟ್ಟುವ ಮೊದಲೇ ಮಳೆಯಲ್ಲಿ ತೊಳೆದುಹೋಗುತ್ತದೆ. ಹಳೆಯ ಫ್ರಿಜ್ಜು, ಏಸಿಗಳ ಕ್ಲೋರೋಫ್ಲೋರೋಕಾರ್ಬನ್ ಮಾತ್ರ ನೀರಿನಲ್ಲಿ ಕರಗದೆ, ಯಾವುದರೊಂದಿಗೂ ಸೇರದೆ ವರ್ಷಗಟ್ಟಲೆ ಮೇಲೇರುತ್ತದೆ. ಅಲ್ಲಿ ನೇರಳಾತೀತ ಕಿರಣ ತಾಗಿ ಒಡೆದಾಗ ಬಿಡುಗಡೆಯಾಗುವ ಒಂದೊಂದು ಕ್ಲೋರಿನ್ ಪರಮಾಣು ಸಾವಿರಾರು ಓಝೋನ್ ಅಣುಗಳನ್ನು ಮುರಿಯುತ್ತದೆ. ದಕ್ಷಿಣ ಧ್ರುವದ ಚಳಿಗಾಲದಲ್ಲಿ ಉಷ್ಣತೆ ಮೈನಸ್ 78 ಡಿಗ್ರಿಗಿಂತ ಕೆಳಗಿಳಿದಾಗ ಮಂಜಿನ ಮೋಡಗಳು ಮೂಡಿ ಈ ಕ್ಲೋರಿನ್ನನ್ನು ಸಜ್ಜುಗೊಳಿಸುತ್ತವೆ, ಸೆಪ್ಟೆಂಬರಿನ ಬಿಸಿಲು ಬಿದ್ದೊಡನೆ ನಾಶ ಶುರು. ತೂತು ಅಲ್ಲೇ ಕಾಣಲು ಇದೇ ಕಾರಣ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅದನ್ನು ಪ್ರಕಟಿಸಿದರು, ಎರಡೇ ವರ್ಷದಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು.

ಇಲ್ಲಿ ಕೆಲಸ ಮಾಡಿದ ಮದ್ದು ಆ ಅನಿಲ ತಯಾರಿಸುವುದನ್ನೇ ನಿಲ್ಲಿಸಿದ್ದು. ವಿಶ್ವಸಂಸ್ಥೆಯ 2022ರ ಅಂದಾಜಿನಂತೆ ಅಂಟಾರ್ಕ್ಟಿಕಾದ ಪದರ 1980ರ ಸ್ಥಿತಿಗೆ ಮರಳುವುದು 2066ರ ಹೊತ್ತಿಗೆ. ಮಡಗಾಂವ್‌ನ ಮನೆಯಲ್ಲಿ ಉಳಿದಿರುವ ಪಾಲು ಚಿಕ್ಕದು: ಹಳೆಯ ಏಸಿಯ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿಯುವ ಮೆಕ್ಯಾನಿಕ್‌ನನ್ನೇ ಕರೆಯುವುದು. ಇನ್ನೊಂದು ಗೊಂದಲವೂ ಇದೆ. ಗಾಳಿಯ ಗುಣಮಟ್ಟದ ಫಲಕದಲ್ಲಿ ಓಝೋನ್ ಹೆಸರು ಮಾಲಿನ್ಯಕಾರಕವಾಗಿ ಇರುತ್ತದೆ. ವಾಹನದ ಅನಿಲಗಳು ಬಿಸಿಲಿಗೆ ಬೆರೆತು ನೆಲಮಟ್ಟದಲ್ಲಿ ಹುಟ್ಟುವ ಆ ಓಝೋನ್ ಉಸಿರಿಗೆ ಹಾನಿಕರ, ಮೇಲಿನ ಪದರಕ್ಕೆ ಅದರಿಂದ ಏನೂ ಸೇರುವುದಿಲ್ಲ.

ಪ್ರಶ್ನೆಪತ್ರಿಕೆ ತಯಾರಿಸುವ ಶಿಕ್ಷಕರು ಮುಂದಿನ ಸಲ ಕಾರಣ ಮತ್ತು ಪರಿಹಾರ ಪಟ್ಟಿ ಮಾಡಿ ಎಂದು ಕೇಳುವ ಬದಲು ಹೀಗೆ ಕೇಳಲಿ: ಮಾರ್ಮುಗೋವಾದಿಂದ ತೋರಣಗಲ್ಲಿಗೆ ಹೋಗುವ ಒಂದು ಟನ್ ಕಲ್ಲಿದ್ದಲಿನಿಂದ ಎಲ್ಲೆಲ್ಲಿ ಯಾವ ಮಾಲಿನ್ಯ ಹುಟ್ಟುತ್ತದೆ, ಅದನ್ನು ಎಲ್ಲಿ ತಡೆಯಬೇಕು, ಓಝೋನ್ ತೂತು ಈ ಪಟ್ಟಿಯಲ್ಲಿ ಏಕೆ ಇಲ್ಲ? ಐದು ಅಂಕ ಕೊಟ್ಟರೂ ಸಾಕು.